ಮಂಗಳವಾರದ ಆಲೂಗೆಡ್ಡೆ ದರ, ಗುರುವಾರದ ಮಳೆ: ಕೀಳೋದಾ, ಬಿಡೋದಾ?

ಎಲ್ಲರಿಗೂ ನಮಸ್ಕಾರ. ಹಾಸನ ಎಪಿಎಂಸಿಯಲ್ಲಿ 2,100 ಆಗಿದೆಯಂತೆ, ನಾಳೆಯೇ ಕಿತ್ತು ಹಾಕೋಣವಾ ಅಂತ ಬೆಳಗ್ಗೆಯಿಂದ ಏಳೆಂಟು ಜನ ಕೇಳಿದ್ದೀರಿ. ಸ್ವಲ್ಪ ತಡೆಯಿರಿ.

ಪಟ್ಟಿಯಲ್ಲಿ ಮೂರು ದರ ಇವೆ: ಕನಿಷ್ಠ 900, ಗರಿಷ್ಠ 2,100, ಮಾದರಿ 1,400. ಎಲ್ಲಾ ಕ್ವಿಂಟಾಲ್ ಲೆಕ್ಕ. 2,100 ಸಿಕ್ಕಿದ್ದು ದಪ್ಪನೆಯ, ಒಣಗಿದ, ಸಿಪ್ಪೆ ಗಟ್ಟಿಯಾದ ಮಾಲಿಗೆ. ಜಾಸ್ತಿ ಮಾಲು ಹೋಗಿದ್ದು 1,400ರ ಆಸುಪಾಸಿನಲ್ಲಿ, ಅಂದರೆ 50 ಕೆಜಿ ಮೂಟೆಗೆ 700 ರೂಪಾಯಿ. ಕೂಲಿ, ಚೀಲ, ಗಾಡಿ ಬಾಡಿಗೆ ಎಲ್ಲಾ ಅದರಲ್ಲೇ ಕಳೆದು ನೋಡಿ. ಆವಕದ ಸಾಲನ್ನೂ ಓದಿ. ನಿನ್ನೆ 4,000 ಮೂಟೆ, ಇವತ್ತು 6,500. ಅದಕ್ಕೇ ಮಾದರಿ ದರ ಒಂದೇ ದಿನದಲ್ಲಿ 150 ಇಳಿದಿದೆ. ಮಳೆಗೆ ಹೆದರಿ ಎಲ್ಲರೂ ನಾಳೆಯೇ ಕಿತ್ತರೆ ಇನ್ನೂ ಇಳಿಯಬಹುದು ಅಲ್ವಾ?

ಇನ್ನು ಮಳೆ. ಗುರುವಾರ, ಶುಕ್ರವಾರ ಜಿಲ್ಲೆಗೆ ಯೆಲ್ಲೋ ಅಲರ್ಟ್, 'ಅಲ್ಲಲ್ಲಿ ಭಾರಿ ಮಳೆ' ಅಂತಿದೆ. ಭಾರಿ ಅಂದರೆ 24 ಗಂಟೆಯಲ್ಲಿ 64.5 ಮಿ.ಮೀ. ದಾಟುವ ಮಳೆ. 'ಅಲ್ಲಲ್ಲಿ' ಅಂದರೆ ಜಿಲ್ಲೆಯ ಕಾಲು ಭಾಗದಷ್ಟು ಜಾಗದಲ್ಲಿ, ಹೆಚ್ಚೆಂದರೆ. ಸಕಲೇಶಪುರದ ಕಡೆ ಸುರಿದರೂ ಜಿಲ್ಲೆಗೆಲ್ಲಾ ಒಂದೇ ಬಣ್ಣ ಹಾಕುತ್ತಾರೆ. ನಮ್ಮ ಶಾಂತಿಗ್ರಾಮದ ಕಡೆಗೆ ಬರೀ ಸೋನೆಯೂ ಆಗಬಹುದು. ವರುಣಮಿತ್ರಕ್ಕೆ ಫೋನ್ ಮಾಡಿ ನಿಮ್ಮ ಹೋಬಳಿಯದ್ದೇ ಕೇಳಿ.

ಆದರೆ ಕೊನೆಗೆ ಹೇಳಬೇಕಾದ್ದು ಗೆಡ್ಡೆಯೇ. ಬೆಳಗ್ಗೆ ನಮ್ಮ ಕೆಳಗಿನ ಹೊಲದಲ್ಲಿ ಒಂದು ಗಿಡ ಕಿತ್ತು ಗೆಡ್ಡೆಯನ್ನು ಹೆಬ್ಬೆರಳಲ್ಲಿ ಒತ್ತಿ ಉಜ್ಜಿದೆ, ಸಿಪ್ಪೆ ಈರುಳ್ಳಿ ಪೊರೆಯ ಹಾಗೆ ಸುರುಳಿ ಸುತ್ತಿಕೊಂಡು ಬಂತು. ಅದನ್ನು ಕೀಳಲ್ಲ. ಮೇಲಿನ ಹೊಲದಲ್ಲಿ ಸೊಪ್ಪು ಕೊಯ್ದು 12 ದಿನ ಆಗಿದೆ, ಅಲ್ಲಿ ಎಷ್ಟು ಉಜ್ಜಿದರೂ ಸಿಪ್ಪೆ ಅಲ್ಲಾಡಲಿಲ್ಲ. ಅದನ್ನು ನಾಳೆ ಕಿತ್ತು, ನೆರಳಲ್ಲಿ ಹರಡಿ, ಮಣ್ಣು ಉದುರಿಸಿ, ಸಣ್ಣದು ದಪ್ಪದ್ದು ಬೇರೆ ಮಾಡಿ, ಆವಕ ಇಳಿದ ಮೇಲೆ ಸೋಮವಾರದ ಹೊತ್ತಿಗೆ ಮಂಡಿಗೆ ಹಾಕುತ್ತೇನೆ. ಹೋದ ವರ್ಷ ಒದ್ದೆ ಮಾಲನ್ನೇ ಅವಸರದಲ್ಲಿ ಚೀಲಕ್ಕೆ ತುಂಬಿದ್ದೆ. ಮೂರನೇ ದಿನ ಚೀಲದ ಬುಡದಿಂದ ನೀರು ಸೋರುತ್ತಿತ್ತು. ಆ ವಾಸನೆ ಇನ್ನೂ ಮರೆತಿಲ್ಲ.

ಗೆಡ್ಡೆಯ ಸಿಪ್ಪೆ ಇನ್ನೂ ಗಟ್ಟಿಯಾಗದಿದ್ದರೆ ಕೀಳದೆ ಸುಮ್ನೆ ಬಿಡಿ, ಆದರೆ ಇವತ್ತೇ ಬಸಿಗಾಲುವೆ ಬಿಡಿಸಿ, ಸಾಲಿನಲ್ಲಿ ನೀರು ನಿಂತರೆ ನೆಲದೊಳಗೇ ಕೊಳೆಯುತ್ತದೆ. ಎಲೆಯಲ್ಲಿ ಅಂಗಮಾರಿ ಜೋರಾಗಿದ್ದರೆ ಮಳೆಗೆ ಮುಂಚೆಯೇ ಸೊಪ್ಪು ಕೊಯ್ದು ಹೊಲದಿಂದ ಆಚೆ ಹಾಕಿ, ಇಲ್ಲದಿದ್ದರೆ ರೋಗ ಮಳೆನೀರಿನ ಜೊತೆ ಗೆಡ್ಡೆಗೂ ಇಳಿಯುತ್ತದೆ.

ಇವತ್ತು ಸಂಜೆ ಹೊಲದ ಮೂರು ಕಡೆ ಕಿತ್ತು, ಉಜ್ಜಿ ನೋಡಿ, ಎಂಟು ಗಂಟೆಯೊಳಗೆ ಇಲ್ಲಿ ಬರೆಯಿರಿ. ಯಾರದ್ದು ಕೀಳೋ ಹಾಗಿದೆ ಗೊತ್ತಾದರೆ ನಾಳೆಗೆ ಆಳು ಹಂಚಿಕೊಳ್ಳೋಣ, ಟಾರ್ಪಾಲು ನನ್ನ ಹತ್ತಿರ ಎರಡು ಇವೆ.