ನಾಲ್ಕನೆಯ ಅಧ್ಯಾಯ, ಸಮತೋಲನ: ಕಿರುಪರೀಕ್ಷೆಗೆ ಮುಂಚೆ ಓದಿಕೊಳ್ಳಲು

ಈ ಅಧ್ಯಾಯದಲ್ಲಿ ಕಲಿಯಬೇಕಾದ ಸಮೀಕರಣಗಳು ಮೂರೇ ಮೂರು.

```
ΣFx = 0     ΣFy = 0     ΣM = 0
```

ಇವು ಯಾರಿಗೂ ಮರೆಯುವುದಿಲ್ಲ. ಕಳೆದ ಕಿರುಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ತಿದ್ದುವಾಗ ನಾನು ಕಂಡಂತೆ, ಅಂಕ ಹೋದದ್ದು ಲೆಕ್ಕದಲ್ಲಿ ಅಲ್ಲ, ಚಿತ್ರದಲ್ಲಿ. ಬಿಟ್ಟುಹೋದ ಒಂದು ಬಾಣ, ತಪ್ಪು ಕಡೆಗೆ ಎಳೆದ ಒಂದು ಬಾಣ. ಆಮೇಲೆ ಎರಡು ಪುಟ ಅಚ್ಚುಕಟ್ಟಾದ ಬೀಜಗಣಿತ, ಎಲ್ಲವೂ ವ್ಯರ್ಥ. ಆದ್ದರಿಂದ ಈ ಸಾರಾಂಶದಲ್ಲಿ ಚಿತ್ರಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಚಿತ್ರ

ಫ್ರೀ ಬಾಡಿ ಚಿತ್ರ ಎಂದರೆ ವಸ್ತುವನ್ನು ಸುತ್ತಲಿನ ಎಲ್ಲದರಿಂದ ಬಿಡಿಸಿ ಒಂಟಿಯಾಗಿ ನಿಲ್ಲಿಸುವುದು. ಪುಸ್ತಕದ ಚಿತ್ರದ ಮೇಲೆಯೇ ಬಾಣ ಗೀಚಬೇಡಿ. ಗೋಡೆ, ನೆಲ, ಆಧಾರ ಯಾವುದೂ ಇಲ್ಲದ ಹೊಸ ಚಿತ್ರ ಬರೆಯಿರಿ. ನಂತರ ಪೆನ್ಸಿಲ್ ತುದಿಯನ್ನು ವಸ್ತುವಿನ ಅಂಚಿನ ಮೇಲಿಟ್ಟು ಒಂದು ಸುತ್ತು ಬನ್ನಿ. ಬೇರೆ ಏನಾದರೂ ಮುಟ್ಟುತ್ತಿದ್ದ ಪ್ರತಿ ಜಾಗದಲ್ಲೂ ನಿಂತು, ಅಲ್ಲಿ ಯಾವ ಬಲವಿದೆ ಎಂದು ಕೇಳಿಕೊಂಡು ಬಾಣ ಎಳೆಯಿರಿ. ಸುತ್ತು ಮುಗಿದ ಮೇಲೆ ತೂಕ ಸೇರಿಸಿ; ಮುಟ್ಟದೆಯೇ ಎಳೆಯುವ ಬಲ ಈ ಅಧ್ಯಾಯದಲ್ಲಿ ಅದೊಂದೇ.

ನುಣುಪಾದ ಮೇಲ್ಮೈ ಲಂಬವಾಗಿ ಮಾತ್ರ ತಳ್ಳುತ್ತದೆ. ಹಗ್ಗ ಎಳೆಯುತ್ತದೆ, ಎಂದೂ ತಳ್ಳುವುದಿಲ್ಲ. ರೋಲರ್ ಆಧಾರದಲ್ಲಿ ಒಂದು ಅಜ್ಞಾತ, ಪಿನ್‌ನಲ್ಲಿ ಎರಡು, ಗೋಡೆಯಲ್ಲಿ ಹುದುಗಿಸಿದ ತುದಿಯಲ್ಲಿ ಮೂರು: ಎರಡು ಬಲ ಮತ್ತು ಒಂದು ಮೊಮೆಂಟ್. ಒಂದು ವಸ್ತುವಿನ ಚಿತ್ರದಲ್ಲಿ ಅಜ್ಞಾತಗಳು ಮೂರನ್ನು ಮೀರಿದರೆ ಆ ಚಿತ್ರವೊಂದರಿಂದಲೇ ಎಲ್ಲವೂ ಸಿಗುವುದಿಲ್ಲ. ಪಕ್ಕದ ವಸ್ತುವನ್ನೂ ಬಿಡಿಸಿ ಬರೆಯಬೇಕು.

ಕಾಲುವೆಯಂಥ ತೊಟ್ಟಿಯಲ್ಲಿ ಒಂದರ ಮೇಲೊಂದು ಒರಗಿದ ಎರಡು ಸಿಲಿಂಡರ್‌ಗಳ ಪ್ರಶ್ನೆ ಬಂದರೆ ಗಾಬರಿ ಬೇಡ. ಅವು ನುಣುಪಾಗಿದ್ದರೆ ಪರಸ್ಪರ ಬಲ ಎರಡೂ ಕೇಂದ್ರಗಳನ್ನು ಸೇರಿಸುವ ಗೆರೆಯಲ್ಲೇ ಇರುತ್ತದೆ. ಎರಡು ಪ್ರತ್ಯೇಕ ಚಿತ್ರಗಳಲ್ಲಿ ಆ ಬಲದ ಅಳತೆ ಒಂದೇ, ದಿಕ್ಕು ವಿರುದ್ಧ. ಎರಡನ್ನೂ ಒಟ್ಟಿಗೆ ಒಂದೇ ವಸ್ತುವೆಂದು ತೆಗೆದುಕೊಂಡರೆ ಆ ಬಾಣ ಇರಲೇಬಾರದು, ಏಕೆಂದರೆ ಅದು ಆಗ ಮನೆಯೊಳಗಿನ ಜಗಳ.

ದಿಕ್ಕು ಗೊತ್ತಿಲ್ಲದ ಬಲಕ್ಕೆ ಒಂದು ದಿಕ್ಕು ಊಹಿಸಿ ಮುಂದುವರಿಯಿರಿ. ಉತ್ತರ ಋಣವಾಗಿ ಬಂದರೆ ದಿಕ್ಕು ಉಲ್ಟಾ ಎಂದರ್ಥ. ನಡುವೆ ಚಿತ್ರ ತಿದ್ದಬೇಡಿ, ತಿದ್ದಿದರೆ ಹಿಂದಿನ ಸಮೀಕರಣಗಳ ಚಿಹ್ನೆಗಳೆಲ್ಲ ಗೊಂದಲವಾಗುತ್ತವೆ. ಆದರೆ ಹಗ್ಗದ ಎಳೆತ ಋಣವಾಗಿ ಬಂದರೆ ಹಗ್ಗ ಸಡಿಲವಾಗಿದೆ. ಮೇಲಕ್ಕಷ್ಟೇ ತಳ್ಳಬಲ್ಲ ರೋಲರ್‌ನಲ್ಲಿ ಋಣ ಬಂದರೆ ಬೀಮ್ ಅಲ್ಲಿಂದ ಎದ್ದಿದೆ. ಅಂಥಲ್ಲಿ ಚಿಹ್ನೆ ಬದಲಿಸಿ ಮುಂದೆ ಹೋಗುವಂತಿಲ್ಲ.

ಬಿಡಿಸುವ ಕ್ರಮ

ಒಂದು ಬೀಮ್ ತೆಗೆದುಕೊಳ್ಳೋಣ. ಉದ್ದ 6 ಮೀಟರ್, A ತುದಿಯಲ್ಲಿ ಪಿನ್, B ತುದಿಯಲ್ಲಿ ರೋಲರ್. A ಯಿಂದ 2 ಮೀಟರ್ ದೂರದಲ್ಲಿ 12 ಕಿಲೋನ್ಯೂಟನ್ ಭಾರ. ಕೊನೆಯ 3 ಮೀಟರ್ ಉದ್ದಕ್ಕೂ ಮೀಟರಿಗೆ 4 ಕಿಲೋನ್ಯೂಟನ್ ಹರಡಿದ ಭಾರ. ಬೀಮಿನ ಸ್ವಂತ ತೂಕ ಲೆಕ್ಕಕ್ಕಿಲ್ಲ.

ಹರಡಿದ ಭಾರವನ್ನು ಒಂದು ಬಾಣವಾಗಿಸಿ: 4 × 3 = 12 ಕಿಲೋನ್ಯೂಟನ್. ಅದು ಆ ಹರವಿನ ನಡುವೆ, ಅಂದರೆ A ಯಿಂದ 4.5 ಮೀಟರ್‌ನಲ್ಲಿ ನಿಲ್ಲುತ್ತದೆ. ಬೀಮಿನ ನಡುವೆ ಅಲ್ಲ. ಪ್ರತಿ ವರ್ಷ ಇದನ್ನು 3 ಮೀಟರ್‌ನಲ್ಲಿ ಇಡುವವರಿದ್ದಾರೆ.

ಈಗ ಮೊಮೆಂಟ್ ಎಲ್ಲಿ ತೆಗೆದುಕೊಳ್ಳುವುದು? ಹೆಚ್ಚು ಅಜ್ಞಾತ ಬಲಗಳು ಹಾದುಹೋಗುವ ಬಿಂದುವಿನಲ್ಲಿ. ಅಲ್ಲಿ ಅವು ಸಮೀಕರಣದಿಂದ ತಾವಾಗಿಯೇ ಉದುರುತ್ತವೆ. ಇಲ್ಲಿ ಅದು A.

```
ΣM_A:  RB × 6 = 12 × 2 + 12 × 4.5 = 78 kN·m
       RB = 13 kN
ΣFy:   RA = 12 + 12 − 13 = 11 kN
```

ಅಡ್ಡ ಬಲವಿಲ್ಲದ್ದರಿಂದ ಪಿನ್‌ನ ಅಡ್ಡ ಪ್ರತಿಕ್ರಿಯೆ ಸೊನ್ನೆ. ಅದನ್ನೂ ಒಂದು ಸಾಲಿನಲ್ಲಿ ಬರೆಯಿರಿ. ತಾಳೆ ನೋಡಲು ಇನ್ನೂ ಬಳಸದ ಬಿಂದುವಿನಲ್ಲಿ ಮೊಮೆಂಟ್ ತೆಗೆದುಕೊಳ್ಳಿ. B ಯಲ್ಲಿ 11 × 6 = 66; ಇನ್ನೊಂದು ಕಡೆ 12 × 4 + 12 × 1.5 = 66. ಅರ್ಧ ನಿಮಿಷದ ಕೆಲಸ.

ಓರೆ ಬಲವನ್ನು ಒಡೆಯುವಾಗ, ಕೋನ ಯಾವ ಅಕ್ಷಕ್ಕೆ ಅಂಟಿಕೊಂಡಿದೆಯೋ ಆ ಅಕ್ಷಕ್ಕೆ cos, ಉಳಿದದ್ದಕ್ಕೆ sin. ಅನುಮಾನ ಬಂದರೆ ಕೋನವನ್ನು ಸೊನ್ನೆ ಮಾಡಿ ನೋಡಿ: ಇಳಿಜಾರು ಮಟ್ಟವಾದಾಗ ತೂಕ ಅದರ ಉದ್ದಕ್ಕೂ ಎಳೆಯುವಂತಿಲ್ಲ, ಆದ್ದರಿಂದ ಆ ಭಾಗ W sin θ ಆಗಿರಲೇಬೇಕು. ಲಾಮಿಯ ಪ್ರಮೇಯ ಒಂದೇ ಬಿಂದುವಿನಲ್ಲಿ ಕೂಡುವ, ಒಂದೇ ಸಮತಲದ ಮೂರು ಬಲಗಳಿಗೆ ಮಾತ್ರ. ನಾಲ್ಕನೆಯ ಬಲ ಕಂಡೊಡನೆ ಅದನ್ನು ಮರೆತುಬಿಡಿ.

ಘರ್ಷಣೆ

ನುಣುಪಾದ ಗೋಡೆಗೆ 5 ಮೀಟರ್ ಏಣಿ ಒರಗಿದೆ, ಬುಡ ಗೋಡೆಯಿಂದ 3 ಮೀಟರ್, ತುದಿ 4 ಮೀಟರ್ ಎತ್ತರದಲ್ಲಿ. ಏಣಿಯ ತೂಕ 200 ನ್ಯೂಟನ್. 600 ನ್ಯೂಟನ್ ತೂಕದವನು ಏಣಿಯ ಮೇಲೆ 4 ಮೀಟರ್ ಹತ್ತಿ ನಿಂತಿದ್ದಾನೆ, ಅಂದರೆ ಬುಡದಿಂದ ಅಡ್ಡಲಾಗಿ 2.4 ಮೀಟರ್. ನೆಲದ ಘರ್ಷಣಾಂಕ 0.6.

```
ಬುಡದಲ್ಲಿ ಮೊಮೆಂಟ್:  Nw × 4 = 200 × 1.5 + 600 × 2.4
                  Nw = 435 N
ΣFx:              F = 435 N
ΣFy:              N = 800 N
ಗರಿಷ್ಠ ಘರ್ಷಣೆ:       0.6 × 800 = 480 N
```

ಘರ್ಷಣೆ 435, 480 ಅಲ್ಲ. ಕಣ್ಣು ಮುಚ್ಚಿ F = μN ಎಂದು ಬರೆದವರ ಏಣಿ ತಾನಾಗಿಯೇ ಗೋಡೆಯ ಕಡೆಗೆ ನಡೆಯಬೇಕಾಗುತ್ತದೆ. μN ಎಂಬುದು ಮಿತಿ. ಪ್ರಶ್ನೆಯಲ್ಲಿ 'ಜಾರುವ ಅಂಚಿನಲ್ಲಿದೆ' ಎಂದಿದ್ದರೆ ಅಥವಾ ವಸ್ತು ಜಾರುತ್ತಿದ್ದರೆ ಮಾತ್ರ ಸಮ ಚಿಹ್ನೆ ಹಾಕಿ. ಇಲ್ಲವಾದರೆ ಮೊದಲು ಬೇಕಾದ ಘರ್ಷಣೆ ಎಷ್ಟೆಂದು ಕಂಡುಹಿಡಿದು ಮಿತಿಯೊಡನೆ ಹೋಲಿಸಿ.

ಮಾನಗಳು

ಮೊದಲ ಸಾಲು ಬರೆಯುವ ಮುನ್ನವೇ ಕೊಟ್ಟದ್ದನ್ನೆಲ್ಲ ಒಂದೇ ಜೋಡಿಗೆ ತನ್ನಿ: ನ್ಯೂಟನ್–ಮೀಟರ್ ಅಥವಾ ಕಿಲೋನ್ಯೂಟನ್–ಮೀಟರ್. 'ಆಮೇಲೆ ಬದಲಿಸಿದರಾಯಿತು' ಎಂದವರು ಬದಲಿಸಿದ್ದನ್ನು ನಾನು ನೋಡಿಲ್ಲ. ಕಿಲೋಗ್ರಾಂ ಕಂಡಲ್ಲಿ ನಿಲ್ಲಿ: 10 ಕಿಲೋಗ್ರಾಂ ದೀಪ ಚಿತ್ರದಲ್ಲಿ 98.1 ನ್ಯೂಟನ್‌ನ ಬಾಣವಾಗಬೇಕು.

ಸಮೀಕರಣ ಬರೆದ ಮೇಲೆ ಸಂಖ್ಯೆ ಮರೆತು ಮಾನಗಳನ್ನು ಮಾತ್ರ ಓದಿ. ಮೊಮೆಂಟ್ ಸಾಲಿನ ಪ್ರತಿ ಪದವೂ ಬಲ × ದೂರ ಆಗಿರಬೇಕು. ಹರಡಿದ ಭಾರದ ಪದ ಹೀಗೆ ಓದಿಸಿಕೊಳ್ಳಬೇಕು:

```
(kN/m) × m × m = kN·m
```

ಒಂದು m ಕಡಿಮೆ ಬಿದ್ದರೆ ಹರವಿನಿಂದಲೋ ದೂರದಿಂದಲೋ ಗುಣಿಸಲು ಮರೆತಿದ್ದೀರಿ. ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದೆಯೇ ಎಂದು sin 30 ಒತ್ತಿ ನೋಡಿ, 0.5 ಬಾರದಿದ್ದರೆ ರೇಡಿಯನ್‌ನಲ್ಲಿದೆ.

ಇದನ್ನು ಸಣ್ಣ ವಿಷಯ ಎನ್ನುವವರಿಗೆ 1999ರ ಮಂಗಳ ನೌಕೆ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೆನಪಿಸುತ್ತೇನೆ. ಒಂದು ತಂತ್ರಾಂಶ ಪೌಂಡ್-ಬಲ ಸೆಕೆಂಡ್‌ಗಳಲ್ಲಿ ಕೊಟ್ಟದ್ದನ್ನು ಇನ್ನೊಂದು ನ್ಯೂಟನ್ ಸೆಕೆಂಡ್ ಎಂದೇ ಓದಿತು. ವ್ಯತ್ಯಾಸ ಸುಮಾರು 4.45 ಪಟ್ಟು. ನೌಕೆ ಕಳೆದುಹೋಯಿತು.

ಇಂದು ರಾತ್ರಿಗೆ ಒಂದೇ ಲೆಕ್ಕ: ಅದೇ ಏಣಿ, ಅದೇ ಮನುಷ್ಯ, ಘರ್ಷಣಾಂಕ ಮಾತ್ರ 0.5. ಏಣಿ ಜಾರುವ ಮುನ್ನ ಅವನು ಅದರ ಉದ್ದಕ್ಕೆ ಎಷ್ಟು ದೂರ ಹತ್ತಬಹುದು? 3.61 ಮೀಟರ್ ಬರಬೇಕು. 2.17 ಬಂದವರು ಅಡ್ಡ ದೂರದಲ್ಲೇ ನಿಂತಿದ್ದೀರಿ, ಇನ್ನೊಂದು ಹೆಜ್ಜೆ ಬಾಕಿ ಇದೆ.