ಕಾಶಿಗೆ ಒಂದು ವಾರ: ಆರು ಜನರ ಪ್ಯಾಕಿಂಗ್ ಪಟ್ಟಿ

ಹೊರಡುವುದು: 2026 ಡಿಸೆಂಬರ್ 24, ಗುರುವಾರ, ಬೈಯಪ್ಪನಹಳ್ಳಿ ಸರ್ ಎಂ.ವಿ. ಟರ್ಮಿನಲ್‌ನಿಂದ ಸಂಘಮಿತ್ರ ಎಕ್ಸ್‌ಪ್ರೆಸ್, ಥರ್ಡ್ ಎಸಿ.
ಇಳಿಯುವುದು: ದೀನದಯಾಳ್ ಉಪಾಧ್ಯಾಯ ಜಂಕ್ಷನ್ (ಹಳೆಯ ಮೊಘಲ್‌ಸರಾಯ್). ಅಲ್ಲಿಂದ ಟ್ಯಾಕ್ಸಿಯಲ್ಲಿ ಕಾಶಿ.
ವಾಪಸ್: 31ರಂದು. ರೈಲಿನಲ್ಲಿ ನಾಲ್ಕು ರಾತ್ರಿ, ಕಾಶಿಯಲ್ಲಿ ಮೂರು.
ಯಾರ್ಯಾರು: ತಾತ (74, ಸಕ್ಕರೆ ಕಾಯಿಲೆ, ಮಂಡಿನೋವು), ಅಜ್ಜಿ (68, ಬಿಪಿ), ಅಪ್ಪ, ಅಮ್ಮ, ಮಗಳು (8), ಮಗ (3).

ಆರು ಜನ ಇದ್ದರೂ ಸಾಮಾನು ಹೊರುವ ಕೈ ನಾಲ್ಕೇ. ಅದರಲ್ಲೂ ಒಂದು ಕೈ ಮಗನನ್ನು ಹಿಡಿದಿರುತ್ತದೆ, ಇನ್ನೊಂದು ತಾತನನ್ನು. ಥರ್ಡ್ ಎಸಿ ಟಿಕೆಟ್‌ಗೆ ತಲಾ 40 ಕೆಜಿ ಉಚಿತ ಎಂದು ರೈಲ್ವೆ ಹೇಳಬಹುದು, ಮೆಟ್ಟಿಲು ಹತ್ತುವಾಗ ಆ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ. ಆದ್ದರಿಂದ ಬ್ಯಾಗುಗಳು ಇಷ್ಟೇ: ಎರಡು ಟ್ರಾಲಿ (ತಲಾ 12 ಕೆಜಿ ಮೀರಬಾರದು), ಎರಡು ಬೆನ್ನಿನ ಬ್ಯಾಗು, ಒಂದು ಊಟದ ಬ್ಯಾಗು, ಅಮ್ಮನ ಹೆಗಲಿಗೆ ಒಂದು ಅಡ್ಡಬ್ಯಾಗು. ಮನೆಯ ತೂಕದ ಯಂತ್ರದ ಮೇಲೆ ಟ್ರಾಲಿ ಎತ್ತಿಕೊಂಡು ನಿಂತು ನಿಮ್ಮ ತೂಕ ಕಳೆಯಿರಿ.

ಯಾರದು ಎಂದು ನೋಡಿ ತುಂಬಬೇಡಿ, ಎಲ್ಲಿ ಬೇಕಾಗುತ್ತದೆ ಎಂದು ನೋಡಿ ತುಂಬಿ. ರೈಲಿನಲ್ಲಿ ಬೇಕಾದದ್ದು ಟ್ರಾಲಿಯಲ್ಲಿ ಇರಬಾರದು. ಅದು ತಾತನ ಸೀಟಿನ ಅಡಿ ಚೈನು ಬೀಗ ಹಾಕಿಕೊಂಡಿರುತ್ತದೆ, ಒಂದು ಸ್ವೆಟರ್‌ಗಾಗಿ ತಾತನನ್ನು ಎಬ್ಬಿಸಬೇಕಾಗುತ್ತದೆ.

ಬರ್ತ್: 33 ತಾತ, 36 ಅಜ್ಜಿ (ಎರಡೂ ಲೋಯರ್), 39 ಸೈಡ್ ಲೋಯರ್ ಅಮ್ಮ ಮತ್ತು ಮಗ, 34 ಮತ್ತು 37 ಮಿಡಲ್ ಮಗಳು ಮತ್ತು ಅಪ್ಪ. ಮಗನಿಗೆ ಐದು ವರ್ಷ ತುಂಬಿಲ್ಲ, ಟಿಕೆಟ್ ಇಲ್ಲ, ಬರ್ತೂ ಇಲ್ಲ. ಮಿಡಲ್ ಎತ್ತಿ ಕಟ್ಟಿದ ಮೇಲೆ ಕೆಳಗೆ ನೆಟ್ಟಗೆ ಕೂರಲಾಗದು, ಹಾಗಾಗಿ ತಾತನ ಊಟ, ಮಾತ್ರೆ ಎಲ್ಲ ಒಂಬತ್ತೂವರೆಯೊಳಗೆ ಮುಗಿಯಲಿ.

ಅಡ್ಡಬ್ಯಾಗು (ಅಮ್ಮನ ಮೈಮೇಲಿಂದ ಇಳಿಯಬಾರದು)

☐ ಎಲ್ಲರ ಅಸಲಿ ಆಧಾರ್, ಮಗನ ಜನನ ಪ್ರಮಾಣಪತ್ರದ ಜೆರಾಕ್ಸ್
☐ ಟಿಕೆಟ್: ಎರಡು ಫೋನಿನಲ್ಲಿ, ಒಂದು ಪ್ರಿಂಟ್
☐ ನಗದು: ಪೋರ್ಟರ್, ಆಟೋ, ಟೀಗೆ 10, 20, 50ರ ನೋಟು ಪ್ರತ್ಯೇಕ
☐ ಔಷಧದ ಡಬ್ಬಿ
☐ ಮಕ್ಕಳ ಜೇಬಿಗೆ ಅಪ್ಪ, ಅಮ್ಮ ಇಬ್ಬರ ನಂಬರ್ ಬರೆದ ಚೀಟಿ. ಕಾಶಿಯ ಗಲ್ಲಿಯಲ್ಲಿ ತಾತನಿಗೂ ಒಂದು. ತಾತ ಬೇಡ ಅಂತಾರೆ, ಆದರೂ ಹಾಕಿ.

ಔಷಧ (ಒಂದು ವಾರ ಮೊದಲೇ ಶುರು)

ಏಳಲ್ಲ, ಹನ್ನೊಂದು ದಿನಕ್ಕೆ ಕೊಳ್ಳಿ. ಡಿಸೆಂಬರ್ ಕೊನೆಯಲ್ಲಿ ಉತ್ತರದಲ್ಲಿ ಮಂಜು ಮುಸುಕಿ ರೈಲುಗಳು ಗಂಟೆಗಟ್ಟಲೆ ತಡವಾಗುತ್ತವೆ, ಬಿಪಿ ಮಾತ್ರೆ ಅಷ್ಟು ಹೊತ್ತು ಕಾಯುವುದಿಲ್ಲ. ಮಾತ್ರೆಗಳನ್ನು ಸ್ಟ್ರಿಪ್‌ನಿಂದ ಬಿಡಿಸಿ ಡಬ್ಬಿಗೆ ಸುರಿಯಬೇಡಿ. ಬಿಡಿ ಬಿಳಿ ಮಾತ್ರೆಗಳಲ್ಲಿ ಯಾವುದು ಯಾವುದು ಎಂದು ಬೇರೆ ಊರಿನ ಡಾಕ್ಟರಿಗೂ ಗೊತ್ತಾಗದು. ಅರ್ಧದಷ್ಟು ಅಡ್ಡಬ್ಯಾಗಿನಲ್ಲಿ, ಇನ್ನರ್ಧ ಬೆನ್ನಿನ ಬ್ಯಾಗಿನಲ್ಲಿ.

☐ ತಾತನ ಇನ್ಸುಲಿನ್ ಪೆನ್ 2, ಸೂಜಿ 25, ಸಕ್ಕರೆ ನೋಡುವ ಮೀಟರ್, ಸ್ಟ್ರಿಪ್ 25. ಬಳಕೆಯಲ್ಲಿರುವ ಪೆನ್ ಹೊರಗೆ ಎಷ್ಟು ದಿನ ಇಡಬಹುದೆಂದು ಅದರ ಚೀಟಿಯಲ್ಲೇ ಇರುತ್ತದೆ, ಓದಿ. ಹೊಸ ಪೆನ್ ತಂಪು ಪೌಚಿನಲ್ಲಿ ಇರಲಿ, ಐಸ್ ಪ್ಯಾಕ್‌ಗೆ ತಾಗಿಸಬೇಡಿ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು.
☐ ಗ್ಲೂಕೋಸ್ ಪುಡಿ 1 ಪ್ಯಾಕೆಟ್. ಆರ್ಡರ್ ಮಾಡಿದ ಊಟ ಬರುತ್ತದೆ ಎಂದು ಮೊದಲೇ ಇನ್ಸುಲಿನ್ ತೆಗೆದುಕೊಂಡು, ಊಟ ಒಂದೂವರೆ ಗಂಟೆ ತಡವಾದರೆ ಸಕ್ಕರೆ ಇಳಿಯುತ್ತದೆ. ತಟ್ಟೆ ಎದುರಿಗೆ ಬಂದ ಮೇಲೇ ಸೂಜಿ.
☐ ಅಜ್ಜಿಯ ಬಿಪಿ ಮಾತ್ರೆ, ಇಬ್ಬರ ಪ್ರಿಸ್ಕ್ರಿಪ್ಷನ್‌ನ ಫೋಟೋ ಮತ್ತು ಜೆರಾಕ್ಸ್
☐ ಮಕ್ಕಳ ಪ್ಯಾರಾಸಿಟಮಾಲ್ ಸಿರಪ್, ಅಳತೆ ಮುಚ್ಚಳ, ಥರ್ಮಾಮೀಟರ್. ಪ್ರಮಾಣ ಡಾಕ್ಟರ್ ಬರೆದದ್ದು, ಬಾಟಲಿಗೇ ಅಂಟಿಸಿ.
☐ ಒಆರ್‌ಎಸ್ 6 ಪ್ಯಾಕೆಟ್, ಒಂದು ಲೀಟರಿನದು. ರೈಲಿನ ಒಂದು ಲೀಟರ್ ಬಾಟಲಿಗೆ ಪೂರ್ತಿ ಸುರಿದರೆ ಲೆಕ್ಕ ಸರಿ. ಲೋಟಕ್ಕೆ ಅಂದಾಜಿನಲ್ಲಿ ಹಾಕಿದರೆ ಗಟ್ಟಿಯಾಗಿ, ಕುಡಿದವರಿಗೆ ಇನ್ನಷ್ಟು ತೊಂದರೆ.
☐ ಬ್ಯಾಂಡೇಜ್, ಮಂಡಿಗೆ ಮುಲಾಮು, ತಾತನ ಮಂಡಿ ಪಟ್ಟಿ

ಪ್ರಯಾಣದಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ 139.

ತಾತ–ಅಜ್ಜಿಯ ಸಣ್ಣ ಸಾಮಾನು

☐ ಹಲ್ಲಿನ ಸೆಟ್‌ಗೆ ಗಟ್ಟಿ ಮುಚ್ಚಳದ ಡಬ್ಬಿ. ರಾತ್ರಿ ಟಿಶ್ಯೂನಲ್ಲಿ ಸುತ್ತಿ ಕಿಟಕಿ ಪಕ್ಕದ ಪುಟ್ಟ ಟೇಬಲ್ ಮೇಲೆ ಇಟ್ಟರೆ, ಬೆಳಗ್ಗೆ ಕ್ಲೀನ್ ಮಾಡುವವರು ಟೀ ಕಪ್ಪಿನ ಜೊತೆ ಕಸದ ಚೀಲಕ್ಕೆ ಹಾಕಿಬಿಡುತ್ತಾರೆ. ತಪ್ಪು ಅವರದಲ್ಲ.
☐ ಇನ್ನೊಂದು ಜೊತೆ ಕನ್ನಡಕ, ಹಳೆಯದಾದರೂ ಸರಿ
☐ ಊರುಗೋಲು. ತುದಿಯ ರಬ್ಬರ್ ಬುಷ್ ಸವೆದಿದ್ದರೆ ಹೊಸದು ಹಾಕಿಸಿ, ಘಾಟಿನ ಒದ್ದೆ ಮೆಟ್ಟಿಲ ಮೇಲೆ ಸವೆದ ಬುಷ್ ಜಾರುತ್ತದೆ.
☐ ಹಿಡಿತವಿರುವ ಚಪ್ಪಲಿ, ಬರ್ತ್ ಪಕ್ಕದಲ್ಲೇ. ಬರೀ ಸಾಕ್ಸಿನಲ್ಲಿ ರಾತ್ರಿ ಟಾಯ್ಲೆಟ್‌ಗೆ ಹೋಗುವುದು ಬೇಡ.
☐ ಪುಟ್ಟ ಟಾರ್ಚ್ 2
☐ ತೆಳು ಶಾಲು 2. ಎಸಿಯಲ್ಲಿ ಹಾಸಿಗೆ, ಕಂಬಳಿ ಕೊಡುತ್ತಾರೆ, ಆದರೆ ಮಧ್ಯಾಹ್ನ ಕೂತಿರುವಾಗ ಬೇಕಾಗುವುದು ಶಾಲೇ.

ಊಟದ ಬ್ಯಾಗು

ಕೆಡುವ ಕ್ರಮದಲ್ಲಿ ಜೋಡಿಸಿ, ಬೇಗ ಕೆಡುವುದು ಮೇಲೆ.

ಗುರುವಾರ ಬೆಳಗ್ಗೆ: ಇಡ್ಲಿ 24, ಚಟ್ನಿಪುಡಿಗೆ ಎಣ್ಣೆ ಕಲಸಿ. ಕಾಯಿ ಚಟ್ನಿ ಬೇಡ, ಮಧ್ಯಾಹ್ನದೊಳಗೆ ಹುಳಿ ವಾಸನೆ ಬರುತ್ತದೆ.
ಮಧ್ಯಾಹ್ನ: ಮೊಸರನ್ನ. ಅನ್ನಕ್ಕೆ ಕಾಯಿಸಿ ಆರಿಸಿದ ಹಾಲು ಹೆಚ್ಚು, ಮೊಸರು ಎರಡೇ ಚಮಚ. ತಿನ್ನುವ ಹೊತ್ತಿಗೆ ಹದವಾಗಿರುತ್ತದೆ. ಪೂರ್ತಿ ಮೊಸರಿನಲ್ಲಿ ಕಲಸಿದರೆ ಮಕ್ಕಳು ಮುಟ್ಟುವುದಿಲ್ಲ.
ರಾತ್ರಿ: ಪುಳಿಯೋಗರೆ, ಕಾಯಿತುರಿ ಹಾಕದೆ, ಎಣ್ಣೆ ಧಾರಾಳವಾಗಿ. ಅನ್ನ ಪೂರ್ತಿ ಆರಿದ ಮೇಲೇ ಡಬ್ಬಿ ಮುಚ್ಚಿ. ಬಿಸಿಯಲ್ಲಿ ಮುಚ್ಚಿದರೆ ಮುಚ್ಚಳಕ್ಕೆ ನೀರು ಕಟ್ಟಿ ಅಲ್ಲಿಂದಲೇ ಕೆಡುತ್ತದೆ.
ಶುಕ್ರವಾರ: ಬೆಳಗ್ಗೆ ಚಪಾತಿ 20, ಒಣ ಪಲ್ಯ ಬೇಡ, ಚಟ್ನಿಪುಡಿ, ಉಪ್ಪಿನಕಾಯಿ ಸಾಕು. ಮಧ್ಯಾಹ್ನ, ರಾತ್ರಿ ರೈಲಿನ ಊಟ.
ಯಾವಾಗಲೂ: ಗೊಜ್ಜವಲಕ್ಕಿ ಪುಡಿ ಅರ್ಧ ಕೆಜಿ (ನೀರು ಬೆರೆಸಿದರೆ ಆಯಿತು), ಹುರಿಹಿಟ್ಟು ಕಾಲು ಕೆಜಿ, ಕೋಡುಬಳೆ, ನಿಪ್ಪಟ್ಟು, ಬಾಳೆಹಣ್ಣು 8 (ಸ್ವಲ್ಪ ಕಾಯಿ ಇರುವುದು).

☐ ಕ್ಲಿಪ್ ಇರುವ ಸ್ಟೀಲ್ ಡಬ್ಬಿ, ಪೇಪರ್ ತಟ್ಟೆ 30, ಚಮಚ 6, ಚಿಕ್ಕ ಚಾಕು, ಕಸಕ್ಕೆ ಕವರ್ 10, ಹಳೆ ಪೇಪರ್, ಬಿಸಿನೀರಿನ ಫ್ಲಾಸ್ಕ್ 1

ವಾಪಸ್ ಬರುವಾಗ ಮನೆ ಊಟ ಇರುವುದಿಲ್ಲ, ಗೊಜ್ಜವಲಕ್ಕಿಯಲ್ಲಿ ಅರ್ಧ ಮುಟ್ಟದೆ ಇಡಿ.

ಬೆನ್ನಿನ ಬ್ಯಾಗು 1, ಮಕ್ಕಳದು

☐ ಇಬ್ಬರಿಗೂ ಎರಡೆರಡು ಜೊತೆ ಬಟ್ಟೆ, ಕೆಟ್ಟ ಬಟ್ಟೆಗೆ ಕವರ್
☐ ಮಗನ ಡೈಪರ್ 10 (ಏಳು ರಾತ್ರಿಗೆ ಏಳು, ಹೆಚ್ಚುವರಿ ಮೂರು), ಒದ್ದೆ ವೈಪ್ಸ್ 2
☐ ಬಣ್ಣದ ಪೆನ್ಸಿಲ್, ಕತೆ ಪುಸ್ತಕ, ಇಸ್ಪೀಟು. ಎಲ್ಲ ಒಟ್ಟಿಗೆ ತೆಗೆಯಬೇಡಿ, ಎರಡು ಗಂಟೆಗೊಂದು. ಗುಂಡಿನಂತೆ ಉರುಳುವ ಆಟಿಕೆ ಬೇಡವೇ ಬೇಡ.

ಬೆನ್ನಿನ ಬ್ಯಾಗು 2

☐ ಸೋಪು, ಬ್ರಷ್, ಟವೆಲ್, ಪವರ್ ಬ್ಯಾಂಕ್, ಚಾರ್ಜರ್ 2. ರಾತ್ರಿ 11ರಿಂದ ಬೆಳಗ್ಗೆ 5ರವರೆಗೆ ಪಾಯಿಂಟಿನಲ್ಲಿ ಕರೆಂಟ್ ಇರುವುದಿಲ್ಲ, ಸಂಜೆಯೇ ತುಂಬಿಸಿ.
☐ ಇಳಿಯುವ ದಿನದ ಸ್ವೆಟರ್, ಮಂಕಿ ಕ್ಯಾಪ್ ಆರು ಜನರದೂ. ಕಾಶಿಯಲ್ಲಿ ಈ ಸಮಯದಲ್ಲಿ ರಾತ್ರಿ ಚಳಿ 10 ಡಿಗ್ರಿಗಿಂತ ಕೆಳಗೂ ಇಳಿಯುತ್ತದೆ, ಬೆಂಗಳೂರಿನ ತೆಳು ಜಾಕೆಟ್ ಸಾಲದು.

ಟ್ರಾಲಿಗಳು

ಕಾಶಿಯ ಬಟ್ಟೆ, ದೊಡ್ಡವರಿಗೆ ಮೂರು ಜೊತೆ, ಮಕ್ಕಳಿಗೆ ನಾಲ್ಕು. ಸ್ನಾನಕ್ಕೆ ಹತ್ತಿ ಪಂಚೆ, ಹಳೆ ಸೀರೆ, ಬಟ್ಟೆ ಒಣಗಿಸಲು ಹಗ್ಗ. ಒಂದು ಟ್ರಾಲಿಯಲ್ಲಿ ಕಾಲು ಭಾಗ ಖಾಲಿ ಇರಲಿ, ಗಂಗಾಜಲ, ಪ್ರಸಾದ, ಅಜ್ಜಿ ಕೊಳ್ಳುವ ಸೀರೆ ಎಲ್ಲ ಅಲ್ಲಿಗೇ.

ಬೇಡ: ಎಲೆಕ್ಟ್ರಿಕ್ ಕೆಟಲ್ (ರೈಲಿನ ಪಾಯಿಂಟಿಗೆ ಹಾಕುವಂತಿಲ್ಲ), ಸ್ಟವ್, ಗಾಜಿನ ಬಾಟಲಿ. ದೀಪ, ಕರ್ಪೂರ ರೈಲಿನಲ್ಲಿ ಹಚ್ಚುವಂತಿಲ್ಲ, ಬೇಕಾದರೆ ಕಾಶಿಯಲ್ಲೇ ಕೊಳ್ಳಿ.

ಫ್ರಿಜ್ ಬಾಗಿಲಿಗೆ ಅಂಟಿಸುವ ಚೀಟಿ (ಗುರುವಾರ ಬೆಳಗ್ಗೆ)

☐ ಫ್ರಿಜ್‌ನಿಂದ ಇನ್ಸುಲಿನ್
☐ ತಾತನ ಹಲ್ಲಿನ ಸೆಟ್, ಕನ್ನಡಕ
☐ ಗೋಡೆಗೆ ಸಿಕ್ಕಿಸಿದ ಚಾರ್ಜರ್
☐ ಮೊಸರನ್ನದ ಡಬ್ಬಿ
☐ ಗ್ಯಾಸ್, ಗೀಸರ್, ಮೋಟಾರ್ ಸ್ವಿಚ್
☐ ಬೀಗದ ಕೈ ಪಕ್ಕದ ಮನೆಯವರಿಗೆ