ಅರವತ್ತನಾಲ್ಕು ರವಿಕೆ ಪೀಸು

ನಮ್ಮ ಸಾಗರದ ಮಾರಿಕಾಂಬಾ ಜಾತ್ರೆ ಬರುವುದು ಮೂರು ವರ್ಷಕ್ಕೊಮ್ಮೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳೆಲ್ಲ ಊರಿಗೆ ಬರುತ್ತಾರೆ. ಎಲ್ಲರಿಗೂ ಹೊಸ ರವಿಕೆ ಬೇಕು. ಜಾತ್ರೆಗೆ ಮೂರು ವಾರ ಇದ್ದಾಗ ನನ್ನ ಅಂಗಡಿಯಲ್ಲಿ 64 ಪೀಸು ಬಾಕಿ ಇತ್ತು.

ಬಿಲ್ ಪುಸ್ತಕ ಬಿಟ್ಟು ನಾಲ್ಕು ವರ್ಷ ಆಗಿತ್ತು. ಎಲ್ಲವೂ ಫೋನಿನ ವಾಟ್ಸಾಪ್ ಬಿಸಿನೆಸ್ ಅಕೌಂಟಿನಲ್ಲೇ. ಬಟ್ಟೆ ಕೈಗೆ ಬಂದ ಕೂಡಲೇ ಫೋಟೋ ತೆಗೆದು ಅವರ ಚಾಟ್‌ಗೆ ಹಾಕುತ್ತಿದ್ದೆ. ಕತ್ತಿನ ಡಿಸೈನು, ತೋಳಿನ ಉದ್ದ, ಲೈನಿಂಗ್ ಬೇಕೋ ಬೇಡವೋ, ಎಷ್ಟು ಅಡ್ವಾನ್ಸ್ ಕೊಟ್ಟರು, ಎಲ್ಲ ಅಲ್ಲೇ. ಎಷ್ಟೋ ಜನರ ನಂಬರನ್ನು ಸೇವ್ ಕೂಡ ಮಾಡಿರಲಿಲ್ಲ.

ಒಂದು ಮಧ್ಯಾಹ್ನ ಮೆಷಿನ್ ತುಳಿಯುತ್ತಿದ್ದಾಗ ಫೋನ್ ಬಂತು. ನೂಲಿನ ಪಾರ್ಸೆಲ್ ಬಂದಿದೆ, ನಿಮ್ಮ ಫೋನಿಗೆ ಬಂದ ಆರು ಅಂಕಿ ಹೇಳಿ ಅಂದರು. ನಾನು ನಿಜವಾಗಿಯೂ ನೂಲಿಗೆ ಕಾಯುತ್ತಿದ್ದೆ. ಹೇಳಿಬಿಟ್ಟೆ. ಎರಡು ನಿಮಿಷದಲ್ಲಿ ಅಕೌಂಟ್ ನನ್ನ ಫೋನಿನಿಂದ ಹೊರಗೆ. ಗಾಬರಿಯಲ್ಲಿ ಆ್ಯಪ್ ತೆಗೆದು ಮತ್ತೆ ಹಾಕಿದೆ. ಅದು ಇನ್ನೂ ದೊಡ್ಡ ತಪ್ಪು. ಬ್ಯಾಕಪ್ ಇರಲಿಲ್ಲ, ಫೋನಿನಲ್ಲಿ ಉಳಿದಿದ್ದ ಹಳೇ ಚಾಟ್ ಕೂಡ ಹೋಯಿತು. ಕಳ್ಳ ತನ್ನದೇ ಪಿನ್ ಹಾಕಿಟ್ಟಿದ್ದ. ನಂಬರ್ ವಾಪಸ್ ಸಿಗಲು ಏಳು ದಿನ ಕಾಯಬೇಕು ಅಂತ ಸ್ಕ್ರೀನ್ ತೋರಿಸಿತು.

ಅಷ್ಟರಲ್ಲಿ ಅವನು ನಮ್ಮ ಗಿರಾಕಿಗಳ ಗ್ರೂಪಿನಲ್ಲಿ ನನ್ನ ಹೆಸರಲ್ಲೇ ದುಡ್ಡು ಕೇಳಿದ್ದ. ಆನಂದಪುರದ ಒಬ್ಬರು ಅಕ್ಕ 2,000 ಕಳಿಸಿಬಿಟ್ಟಿದ್ದರು. ಸೈಬರ್ ಸಹಾಯವಾಣಿ 1930ಕ್ಕೆ ಇಬ್ಬರೂ ಕೂಡಿ ಫೋನ್ ಮಾಡಿ ದೂರು ಕೊಟ್ಟೆವು. ಆ ದುಡ್ಡು ಬರುವವರೆಗೆ ಕಾಯಲು ನನಗೆ ಮನಸ್ಸಾಗಲಿಲ್ಲ, ಸಂಜೆಯೇ ಬಸ್ ಹತ್ತಿ ಹೋಗಿ 2,000 ಕೊಟ್ಟು ಬಂದೆ. ಅವರು ತೆಗೆದುಕೊಂಡರು. "ಬೇರೆ ಯಾರು ಕೇಳಿದ್ರೂ ಕೊಡ್ತಿರ್ಲಿಲ್ಲ ಅಣ್ಣ. ನೀವು ಕೇಳಿದ್ರಿ ಅಂತ ಯೋಚ್ನೆನೇ ಮಾಡ್ಲಿಲ್ಲ" ಅಂದರು. ವಾಪಸ್ ಬರುವಾಗ ಬಸ್ಸಿನಲ್ಲಿ ಆ ಮಾತೇ ಕಿವಿಯಲ್ಲಿ.

ಆದರೆ ದುಡ್ಡಿನ ಭಯ ಕಡಿಮೆಯೇ. ಮರುದಿನ ಬಂದ ಹೆಂಗಸರು ಅಂಗಡಿ ಹೊರಗೇ ನಿಂತು, ದನಿ ತಗ್ಗಿಸಿ ಕೇಳಿದ್ದು ಬೇರೆ. "ನಮ್ ಫೋಟೋ ಎಲ್ಲ ಅವ್ನ ಹತ್ರ ಹೋಯ್ತಾ?" ಹಿಂದಿನ ಕತ್ತು ಹೀಗೇ ಇರಲಿ ಅಂತ ಹಾಕಿಕೊಂಡ ರವಿಕೆಯ ಫೋಟೋ ಕಳಿಸಿದವರು ಎಷ್ಟೋ ಜನ. ಗಂಡನಿಗೂ ಹೇಳದ ಅಳತೆ ಟೈಲರ್‌ಗೆ ಹೇಳಿರುತ್ತಾರೆ, ಅಲ್ವಾ? ನನಗೆ ಎದೆ ಧಸಕ್ಕೆಂದಿತು. ಪೊಲೀಸ್ ಠಾಣೆಗೆ ಹೋಗಿ ಅದನ್ನೇ ಮೊದಲು ಕೇಳಿದೆ. ಹಳೇ ಚಾಟ್ ನಿಮ್ಮ ಫೋನಿನಲ್ಲೇ ಇತ್ತು, ಬ್ಯಾಕಪ್ಪೂ ಇರಲಿಲ್ಲ, ಹಾಗಾಗಿ ಅವನಿಗೆ ಸಿಕ್ಕಿರುವುದಿಲ್ಲ. ಅಕೌಂಟ್ ಹೋದ ಮೇಲೆ ಬಂದ ಮೆಸೇಜ್ ಮಾತ್ರ ಅವನಿಗೆ ಕಾಣುತ್ತದೆ ಅಂದರು. ಅದನ್ನೇ ದೊಡ್ಡ ಅಕ್ಷರದಲ್ಲಿ ಬರೆದು ಬಾಗಿಲಿಗೆ ಅಂಟಿಸಿದೆ. ಏನೂ ಕಳಿಸಬೇಡಿ, ದುಡ್ಡು ಕೊಡಬೇಡಿ, ತಪ್ಪು ನನ್ನದು ಅಂತಲೂ ಬರೆದೆ.

ಆಮೇಲೆ ಉಳಿದಿದ್ದು ಬಟ್ಟೆ. ಯಾವುದು ಯಾರದ್ದು? ಜಗಲಿ ಮೇಲೆ ಚಾಪೆ ಹಾಸಿ ಎಲ್ಲ ಪೀಸು ಹರಡಿದೆವು. ಬಂದವರು ತಮ್ಮದು ಗುರುತಿಸಿದರು, ಅಕ್ಕಪಕ್ಕದವರದ್ದೂ ಹೇಳಿದರು. "ಈ ಹಸಿರು ನಮ್ಮತ್ತಿಗೇದು, ಅಂಚು ನೋಡಿ." ಹಾಗೆ 41 ಹೊಂದಿತು. ಉಳಿದ 23ನ್ನು ಚೀಲಕ್ಕೆ ತುಂಬಿ ಸ್ಕೂಟರಿನಲ್ಲಿ ಕೆಳದಿ, ಇಕ್ಕೇರಿ, ತಾಳಗುಪ್ಪ ಅಂತ ಮನೆ ಮನೆ ತಿರುಗಿದೆ. ಹಲವು ಮನೆಯಲ್ಲಿ ಕಾಫಿ ಕೊಟ್ಟರು. ಒಂದು ಮನೆಯಲ್ಲಿ ಪೀಸು ಕೊಡಿ, ಬೇರೆ ಕಡೆ ಹೊಲಿಸ್ತೇವೆ ಅಂದರು. ಕೊಟ್ಟು, ಅಡ್ವಾನ್ಸೂ ವಾಪಸ್ ಕೊಟ್ಟೆ. ಅವರ ಸಿಟ್ಟು ತಪ್ಪಲ್ಲ.

ಅಳತೆ ಮಾತ್ರ ಹೊಸದಾಗಿಯೇ ಆಗಬೇಕಿತ್ತು. ಹೆಂಡತಿ ಟೇಪು ಹಿಡಿದಳು, ನಾನು ನೂರು ಪುಟದ ನೋಟ್ ಪುಸ್ತಕದಲ್ಲಿ ಬರೆದೆ. ಪ್ರತಿ ಗಿರಾಕಿಗೆ ಒಂದು ನಂಬರ್. ಅದೇ ನಂಬರಿನ ಚೀಟಿ ಬಟ್ಟೆಗೆ ಪಿನ್ ಹೊಡೆದೆ, ಇನ್ನೊಂದು ಅವರ ಕೈಗೆ ಕೊಟ್ಟೆ. ಏಳು ದಿನದ ಮೇಲೆ ಅಕೌಂಟ್ ಸಿಕ್ಕಿತು. ನನ್ನದೇ ಪಿನ್ ಹಾಕಿದೆ. ಈಗ ಅದರಲ್ಲಿ "ರೆಡಿ ಇದೆ, ಬನ್ನಿ" ಅನ್ನುವುದಷ್ಟೇ ಕಳಿಸುತ್ತೇನೆ. ಡಿಸೈನ್ ಫೋಟೋ ಬಂದರೆ ನೋಡಿ ಬರೆದುಕೊಂಡು ಅಳಿಸುತ್ತೇನೆ.

ಜಾತ್ರೆಯ ಹಿಂದಿನ ರಾತ್ರಿ ಎರಡು ಗಂಟೆಗೆ ಕೊನೆಯ ಹುಕ್ಸ್ ಹಾಕಿ ಮುಗಿಸಿದೆ. ಒಂದೇ ಒಂದು ಪೀಸು ಯಾರದ್ದೆಂದು ಗೊತ್ತಾಗದೆ ಉಳಿಯಿತು, ಕೆಂಪು ಅಂಚಿನ ಕಪ್ಪು ಖಣ.

ಜಾತ್ರೆ ಮುಗಿದ ಎರಡನೇ ವಾರ ತುಮರಿಯಿಂದ ಒಬ್ಬರು ಅಮ್ಮ ಬಂದರು. "ಎಂತ ಮಾರಾಯಾ, ಎಷ್ಟ್ ಮೆಸೇಜ್ ಹಾಕಿದ್ರೂ ಉತ್ರನೇ ಇಲ್ಲ. ಹಳೇ ಸೀರೆ ಉಟ್ಟು ಜಾತ್ರೆ ಮಾಡ್ದೆ" ಅಂದರು. ಮೊಳೆಗೆ ತೂಗುಹಾಕಿದ್ದ ಖಣ ಅವರ ಕಣ್ಣಿಗೆ ಬಿತ್ತು. ನಾನು ನಡೆದದ್ದೆಲ್ಲ ಹೇಳಿದೆ. ಹೊಲಿಗೆ ದುಡ್ಡು ಬೇಡ, ನಾಡಿದ್ದು ನಾನೇ ತಂದು ಕೊಡ್ತೇನೆ ಅಂದೆ.

ಅವರು ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ ಎದ್ದು ನನ್ನ ಹೆಂಡತಿಯ ಕಡೆ ತಿರುಗಿ ಕೈ ಚಾಚಿದರು. "ಹಿಡಿ ಟೇಪು. ಈ ಸಲ ತೋಳು ಅರ್ಧ ಇಂಚು ಜಾಸ್ತಿ ಇಡ್ಲಿ."

ನಾನು ಪುಸ್ತಕ ತೆಗೆದು 64 ಅಂತ ಬರೆದೆ.